ಬಣ್ಣಕ್ಕಿಂತ ಮೊದಲು ಎಲೆಯ ಜಾಗ

ಗೊಬ್ಬರದ ಅಂಗಡಿಯ ಗೋಡೆಗೋ ಕೃಷಿಮೇಳದ ಮಳಿಗೆಗೋ ತೂಗುಹಾಕಿದ ಪೋಷಕಾಂಶ ಕೊರತೆಯ ಪಟಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಕಿತ್ತು ಸಾಲಾಗಿ ಜೋಡಿಸಿದ ಎಲೆಗಳು, ಒಂದೊಂದರ ಕೆಳಗೆ ಒಂದೊಂದು ಹೆಸರು. ಚಿತ್ರಗಳೇನೂ ಸುಳ್ಳಲ್ಲ. ಆದರೆ ಆ ಎಲೆ ಗಿಡದ ಬುಡದ್ದೋ ಸುಳಿಯದ್ದೋ ಎಂಬುದನ್ನು ಪಟ ಹೇಳುವುದಿಲ್ಲ. ಸಾರಜನಕ, ಕಬ್ಬಿಣ, ಮೆಗ್ನೀಸಿಯಂ ಈ ಮೂರರ ಕೊರತೆಯಲ್ಲೂ ಕಾಣುವುದು ಹಳದಿಯೇ. ಅವನ್ನು ಬೇರ್ಪಡಿಸುವ ಮೊದಲ ಗುರುತು ಬಣ್ಣವಲ್ಲ, ಎಲೆಯ ಜಾಗ.

ಸಾರಜನಕ ಸಾಲದಾದಾಗ ಗಿಡ ಹಳೆಯ ಎಲೆಗಳಲ್ಲಿದ್ದುದನ್ನು ಕರಗಿಸಿ ಸುಳಿಗೆ ಕಳಿಸುತ್ತದೆ. ಮೆಗ್ನೀಸಿಯಂ ವಿಷಯದಲ್ಲೂ ಹಾಗೆಯೇ. ಆದ್ದರಿಂದ ಇವೆರಡರ ಕೊರತೆ ಮೊದಲು ಕೆಳಗಿನ ಎಲೆಗಳಲ್ಲಿ ಕಾಣುತ್ತದೆ. ಕಬ್ಬಿಣ ಒಮ್ಮೆ ಎಲೆಯಲ್ಲಿ ನೆಲೆಯೂರಿದರೆ ಅಲ್ಲಿಂದ ಸುಲಭವಾಗಿ ಕದಲುವುದಿಲ್ಲ. ಕೆಳಗೆ ಹಸಿರು ತುಂಬಿದ್ದರೂ ಹೊಸ ಎಲೆ ಬಿಳಿಚಿಕೊಂಡೇ ಹುಟ್ಟುತ್ತದೆ. ಜಾಗ ಗೊತ್ತಾದ ಮೇಲೆ ನರಗಳನ್ನು ನೋಡಬೇಕು. ಸಾರಜನಕದ ಹಳದಿ ನರಗಳನ್ನೂ ಬಿಡದೆ ಇಡೀ ಎಲೆಗೆ ಹರಡುತ್ತದೆ. ಜೋಳ, ಮೆಕ್ಕೆಜೋಳದಲ್ಲಿ ಅದು ತುದಿಯಿಂದ ನಡುನರದ ಗುಂಟ ಬುಡದತ್ತ ಇಳಿಯುತ್ತದೆ. ಉಳಿದ ಎರಡರಲ್ಲಿ ನರ ಹಸಿರಾಗಿಯೇ ಇದ್ದು, ನಡುವಿನ ಜಾಗ ಮಾತ್ರ ಮಾಸುತ್ತದೆ.

ಈ ವಿಧಾನ ನಿಜಕ್ಕೂ ಒರೆಗೆ ಹತ್ತುವುದು ಉತ್ತರ ಕರ್ನಾಟಕದ ಎರೆಭೂಮಿಯ ಕೂಳೆ ಕಬ್ಬಿನಲ್ಲಿ. ಸುಣ್ಣದ ಹರಳು ತುಂಬಿದ, ರಸಸಾರ ಎಂಟು ದಾಟಿದ ಹೊಲ. ಕಟಾವಾಗಿ ಕೂಳೆ ಚಿಗುರಿದ ಮೇಲೆ ಅಲ್ಲಲ್ಲಿ ಮೆಳೆಗಳು ಹಳದಿಗಟ್ಟುತ್ತವೆ. ದೂರದಿಂದ ನೋಡಿದವರು ಯೂರಿಯಾ ಚೆಲ್ಲುತ್ತಾರೆ. ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಹತ್ತಿರ ಹೋಗಿ ಮೆಳೆ ಬಿಡಿಸಿ ನೋಡಿದರೆ ಕೆಳಗಿನ ಎಲೆ ಹಸಿರು, ಸುಳಿಯ ಎಲೆ ಪೇಲವ. ಅದರ ಉದ್ದಕ್ಕೂ ದಾರದಂತೆ ಸಣ್ಣ ಹಸಿರು ಗೆರೆಗಳು. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಸುಣ್ಣದ ಮಣ್ಣಿನಲ್ಲಿ ಅದು ಬೇರಿಗೆ ಎಟುಕುವ ರೂಪದಲ್ಲಿ ಇರುವುದಿಲ್ಲ.

ಅನುಮಾನವಿದ್ದರೆ ಗಿಡವನ್ನೇ ಕೇಳಬಹುದು. ಒಂದು ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಕರಗಿಸಿ ಬಿಸಿಲಿಳಿದ ಮೇಲೆ ಬಿಳಿಚಿದ ಎಲೆಯ ಒಂದು ಬದಿಗೆ ಮಾತ್ರ ಬಟ್ಟೆಯಿಂದ ಒರೆಸಬೇಕು. ದ್ರಾವಣ ಆಗಷ್ಟೇ ಕಲಸಿದ್ದಾಗಿರಬೇಕು. ಇಟ್ಟು ತುಕ್ಕಿನ ಬಣ್ಣಕ್ಕೆ ತಿರುಗಿದ್ದು ಉಪಯೋಗಕ್ಕೆ ಬಾರದು. ಕಬ್ಬಿಣದ್ದೇ ಕೊರತೆಯಾಗಿದ್ದರೆ ವಾರ ಕಳೆಯುವಷ್ಟರಲ್ಲಿ ನೀರು ತಾಗಿದಲ್ಲೆಲ್ಲ ಹಸಿರು ಮಚ್ಚೆಗಳೇಳುತ್ತವೆ, ತಾಗದ ಬದಿ ಹಾಗೇ ಉಳಿಯುತ್ತದೆ. ಕಬ್ಬಿಣ ಹರಿದಾಡುವುದಿಲ್ಲವೆಂಬುದಕ್ಕೆ ಈ ಮಚ್ಚೆಗಳೇ ಸಾಕ್ಷಿ. ಒಂದೇ ಸಲ ಸಿಂಪಡಿಸಿ ಕೈತೊಳೆದುಕೊಳ್ಳಲಾಗದ್ದೂ ಅದಕ್ಕೇ, ಆಮೇಲೆ ಹುಟ್ಟುವ ಎಲೆಗೆ ಮತ್ತೆ ಬೇಕಾಗುತ್ತದೆ.

ಇಲ್ಲಿ ನಾನು ಪ್ರಯೋಗಾಲಯಕ್ಕಿಂತ ಕಣ್ಣನ್ನು ಹೆಚ್ಚು ನಂಬುತ್ತೇನೆ. ಸುಣ್ಣದ ಮಣ್ಣಿನಲ್ಲಿ ಬೆಳೆದ ಹಳದಿ ಎಲೆಯ ಒಟ್ಟು ಕಬ್ಬಿಣವನ್ನು ಅಳೆದರೆ ಕೆಲವೊಮ್ಮೆ ಹಸಿರು ಎಲೆಯಲ್ಲಿರುವಷ್ಟೇ ಸಿಗುತ್ತದೆ. ಇದೆ, ಆದರೆ ಕೆಲಸಕ್ಕೆ ಒದಗುತ್ತಿಲ್ಲ. ಹಾಗೆಂದು ಕಣ್ಣಿಗೂ ಮಿತಿಯುಂಟು. ಕೊರತೆ ವಿಪರೀತವಾದಾಗ ಹಸಿರು ಗೆರೆಗಳೂ ಅಳಿಸಿ ಎಲೆ ಪೂರ್ತಿ ಬೆಳ್ಳಗಾಗುತ್ತದೆ. ಗಂಧಕದ ಕೊರತೆಯೂ ಎಳೆಯ ಎಲೆಗಳನ್ನೇ ಹಿಡಿಯುತ್ತದೆ, ಆದರೆ ಅಲ್ಲಿ ನರವೂ ಪೇಲವ.

ಭತ್ತದ ರೈತರಿಗೆ ಕೊಡುವ ಎಲೆ ಬಣ್ಣದ ಪಟ್ಟಿಯನ್ನು ಇದೇ ಕಣ್ಣಿನಿಂದ ನೋಡಬೇಕು. ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯನ್ನು ಪಟ್ಟಿಯ ಹಸಿರಿಗೆ ಹಿಡಿದು, ನಿಗದಿತ ಛಾಯೆಗಿಂತ ತಿಳಿಯಾಗಿದ್ದರೆ ಯೂರಿಯಾ ಕೊಡಿ ಎನ್ನುತ್ತದೆ ಅದು. ನೆರಳಿನಲ್ಲಿ ಹಿಡಿದು ನೋಡಿದರೆ ಸಾರಜನಕದ ಮಟ್ಟಿಗೆ ಒಳ್ಳೆಯ ಸಾಧನ. ಆದರೆ ನೀರು ನಿಲ್ಲದ ಗದ್ದೆಯಲ್ಲಿ ಕಬ್ಬಿಣ ಸಿಗದೆ ಮೇಲಿನ ಎಲೆ ಬಿಳಿಚಿದ್ದರೂ ಪಟ್ಟಿಯ ಉತ್ತರ ಯೂರಿಯಾವೇ. ಕೆಳಗಿನ ಎಲೆ ನೋಡಿ ಎಂಬ ಒಂದು ಸಾಲನ್ನು ಅದರ ಬೆನ್ನಿಗೆ ಅಚ್ಚು ಹಾಕಿದ್ದರೆ ಎಷ್ಟೋ ಚೀಲ ಉಳಿಯುತ್ತಿತ್ತು.

ಈ ವಿಧಾನ ಎಲ್ಲಕ್ಕಿಂತ ದುರ್ಬಲವಾಗುವುದು ಮೆಗ್ನೀಸಿಯಂನಲ್ಲಿ. ದ್ರಾಕ್ಷಿಯ ಹಳೆಯ ಎಲೆಯಲ್ಲಿ ಅಂಚಿನಿಂದ ಒಳಕ್ಕೆ ನರಗಳ ನಡುವೆ ಹಳದಿ ಸರಿದುಬಂದು, ನರಗಳ ಗುಂಟ ಹಸಿರು ಉಳಿದಿದ್ದರೆ ಗುರುತು ಚೆನ್ನಾಗಿದೆ. ಆದರೆ ಕಾಯಿ ಬಲಿಯುವ ಹೊತ್ತಿಗೆ ಬುಡದ ಎಲೆ ವಯಸ್ಸಾಗಿಯೂ ಹಳದಿಯಾಗುತ್ತದೆ. ಅದೇ ಹೊತ್ತಿಗೆ ಪೊಟ್ಯಾಷ್ ಹೆಚ್ಚಾಗಿ ಕೊಟ್ಟಿದ್ದರೆ, ಮಣ್ಣಿನಲ್ಲಿ ಮೆಗ್ನೀಸಿಯಂ ಇದ್ದೂ ಬೇರು ಅದನ್ನು ಸಾಕಷ್ಟು ಹೀರಲಾರದು. ಇಂಥಲ್ಲಿ ಎಲೆಯೊಂದನ್ನೇ ನಂಬಿ ಮೆಗ್ನೀಸಿಯಂ ಸಲ್ಫೇಟ್ ಕೊಳ್ಳುವ ಬದಲು ಗೊಬ್ಬರದ ಲೆಕ್ಕಪುಸ್ತಕ ತೆರೆದು ನೋಡುವುದು, ಎಲೆತೊಟ್ಟುಗಳನ್ನು ಪರೀಕ್ಷೆಗೆ ಕಳಿಸುವುದು ಮೇಲು.