ಆಯಿಯ ಪಟದ ಕೆಳಗಿನ ನಾಲ್ಕು ಸಾಲು

ದಿನಪತ್ರಿಕೆಯ ಒಳಪುಟದಲ್ಲಿ, ಜಾಹೀರಾತುಗಳ ನಡುವೆ, ಬೆರಳಗಲದ ಒಂದು ಪಟ. ಅದರ ಕೆಳಗೆ ನಾಲ್ಕಾರು ಸಾಲು. ‘ಪುಣ್ಯಸ್ಮರಣೆ’ ಎಂಬ ತಲೆಬರಹದ ಈ ಬರವಣಿಗೆಯನ್ನು ಸಾಹಿತ್ಯವೆಂದು ಎಣಿಸಿದವರು ಕಡಿಮೆ. ಈಗ ಅದು ಪತ್ರಿಕೆಯನ್ನು ದಾಟಿ ಊರ ಕೂಟಿನ ಫ್ಲೆಕ್ಸಿಗೂ ಕೈಯೊಳಗಿನ ಮೊಬೈಲಿಗೂ ಹಬ್ಬಿದೆ. ಒಂದು ಕವನವನ್ನೂ ಬರೆಯದವರು ಸಹ ಈ ನಾಲ್ಕು ಸಾಲು ಬರೆಯಲು ಒಂದು ದಿನ ಕುಳಿತುಕೊಳ್ಳಬೇಕಾಗುತ್ತದೆ. ಆದುದರಿಂದ ವಿಮರ್ಶೆ ಇದರ ಕಡೆಗೂ ಒಮ್ಮೆ ತಿರುಗಿ ನೋಡಿದರೆ ಅನುಚಿತವಾಗಲಾರದು.

ಮರಣವಾರ್ತೆಗೂ ವರ್ಷಾಂತಿಕದ ಸ್ಮರಣೆಗೂ ಒಂದು ಭೇದವಿದೆ. ಮೊದಲನೆಯದು ಸುದ್ದಿ, ಯಾರು, ಎಂದು, ಎಲ್ಲಿ ಎಂಬುದನ್ನು ಅರಿಯದವರಿಗೆ ಅರಿವು ಮಾಡುವುದು ಅದರ ಕೆಲಸ. ಎರಡನೆಯದರಲ್ಲಿ ಸುದ್ದಿಯಿಲ್ಲ. ಆಯಿ ಹೋದದ್ದು ಓದುವವರೆಲ್ಲರಿಗೂ ಗೊತ್ತು. ಹೇಳಬೇಕಾದ ಸುದ್ದಿಯಿಲ್ಲದ ಕಡೆಯಲ್ಲಿ ಬರೆಯುವ ಕೈ ತಬ್ಬಿಬ್ಬಾಗುತ್ತದೆ. ಆ ಬರಿದನ್ನು ತುಂಬಲು ಗಂಟಲನ್ನು ಏರಿಸುತ್ತದೆ. ಕಾಲನ ಕ್ರೂರ ಹಸ್ತ, ಬತ್ತದ ಕಣ್ಣೀರು, ತುಂಬಲಾರದ ನಷ್ಟ, ನಮ್ಮನ್ನೆಲ್ಲ ಅನಾಥರನ್ನಾಗಿ ಮಾಡಿ ಅಗಲಿದ ಮಮತಾಮಯಿ—ಇವೆಲ್ಲ ಹಾಗೆ ಬಂದು ಕೂಡುವ ಮಾತುಗಳು. ಈ ಮಾತುಗಳನ್ನು ಬರೆದವರ ದುಃಖ ಸುಳ್ಳೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಪಟವನ್ನು ತೆಗೆದು ಬೇರೊಂದು ಮನೆಯ ಅಜ್ಜಿಯ ಪಟವನ್ನು ಅಲ್ಲಿ ಇಟ್ಟರೆ ಸಾಲುಗಳು ಅಷ್ಟೇ ಚೆನ್ನಾಗಿ ಒಪ್ಪುತ್ತವೆಯೆ? ಒಪ್ಪುವುದಾದರೆ ಅದು ಶೋಕವಾದೀತು, ಸ್ಮರಣೆಯಾಗದು.

ನಮ್ಮ ವಿಜಯಪುರದ ಸೀಮೆಯಲ್ಲಿ ಈ ತೊಡಕು ಮೊದಲ ಅಕ್ಷರದಿಂದಲೇ ಪ್ರಾರಂಭವಾಗುತ್ತದೆ. ಮರಾಠಿಯ ನೆರೆಯಿಂದ ಬಂದ ‘ಸೌ.’ ಎಂಬ ಹೆಸರಿನ ಮುಂದಿನ ಗುರುತು ಆಕೆ ಮುತ್ತೈದೆಯೆಂದು ಹೇಳುತ್ತದೆ, ‘ಗಂ. ಭಾ.’, ಅಂದರೆ ಗಂಗಾಭಾಗೀರಥಿ, ಆಕೆ ವಿಧವೆಯೆಂದು ಹೇಳುತ್ತದೆ. ಎರಡೂ ತಿಳಿಸುವುದು ಗಂಡನಿದ್ದನೋ ಇಲ್ಲವೋ ಎಂಬುದನ್ನೇ ಹೊರತು ಆಕೆಯ ವಿಷಯವನ್ನಲ್ಲ. ಅದರ ಹಿಂದೆ ಇಂಥವರ ಧರ್ಮಪತ್ನಿ, ಇಂಥವರ ಮಾತೃಶ್ರೀ ಎಂಬ ಸಾಲು. ಎಷ್ಟೋ ಸಲ ಆಕೆಯ ಸ್ವಂತ ಹೆಸರು ಗಂಡುಮಕ್ಕಳ ಹೆಸರಿಗಿಂತ ಚಿಕ್ಕ ಅಕ್ಷರದಲ್ಲಿರುತ್ತದೆ. ತವರೂರಿನ ಹೆಸರಂತೂ ಇರುವುದೇ ಇಲ್ಲ. ಮೊಮ್ಮಕ್ಕಳಲ್ಲಿ ಅನೇಕರಿಗೆ ಆಕೆ ‘ಆಯಿ’ ಮಾತ್ರವಾಗಿದ್ದಳು. ಹಾಗೆ ಕರೆಯುತ್ತಿದ್ದವರೂ ಹೋದ ಮೇಲೆ ಆ ಹೆಸರನ್ನು ಹೇಳುವವರು ಯಾರು? ಈ ಪುಟ್ಟ ಬರಹದ ಮುಂದಿರುವ ನಿಜವಾದ ಪ್ರಶ್ನೆ ಇದು. ಕಣ್ಣೀರಿನ ಮಾತಿಗೆ ಒಂದು ಸಾಲನ್ನು ಕೊಟ್ಟರೆ ಆಕೆಯ ಹೆಸರಿಗೋ ತವರಿಗೋ ಸಲ್ಲಬೇಕಾದ ಒಂದು ಸಾಲು ಕಡಿಮೆಯಾಗುತ್ತದೆ.

ಇಂಡಿ ತಾಲ್ಲೂಕಿನ ಲಚ್ಯಾಣದ ವಿದ್ಯಾರ್ಥಿಯೊಬ್ಬ ತನ್ನ ಆಯಿಯ ಐದನೆಯ ವರ್ಷದ ದಿನಕ್ಕೆಂದು ಬರೆದ ಸಾಲುಗಳನ್ನು ನನಗೆ ತೋರಿಸಿದ್ದ. ಆತನ ಒಪ್ಪಿಗೆಯಿಂದ ಇಲ್ಲಿ ಕೊಡುತ್ತಿದ್ದೇನೆ. ಮೇಲೆ ಆಕೆಯ ಪೂರ್ಣ ಹೆಸರು, ತವರೂರು ಮತ್ತು ತೀರಿಕೊಂಡ ತಾರೀಖು ಇದ್ದವು. ಅವನ್ನು ಮಾತ್ರ ಬಿಟ್ಟಿದ್ದೇನೆ.

“ಆಯಿ ತೀರಿಕೊಂಡು ಇವತ್ತಿಗೆ ಐದು ವರ್ಷ. ಸೊಲ್ಲಾಪುರದ ಗಾಡಿ ಕೂಗಿದರೆ ಇನ್ನೊಂದು ರೊಟ್ಟಿ ತಟ್ಟುತ್ತಿದ್ದಳು, ಯಾರಾದರೂ ಬಂದಾರು ಎಂದು. ಆಕೆ ಹೊಲಿಯುತ್ತಿದ್ದ ಕೌದಿಯ ಒಂದು ಮಗ್ಗುಲು ಹಾಗೆಯೇ ಉಳಿದಿದೆ. ಅದನ್ನೇ ಹೊದ್ದುಕೊಳ್ಳುತ್ತೇವೆ.”

ಲಚ್ಯಾಣ ಸೊಲ್ಲಾಪುರ–ವಿಜಯಪುರ ರೈಲುದಾರಿಯ ಮೇಲಿನ ಊರು. ಗಾಡಿಯ ಕೂಗಿಗೂ ಒಲೆಯ ಮುಂದಿನ ಕೈಗೂ ಇರುವ ಈ ನಂಟು ಬೇರೆ ಊರಿನ ಅಜ್ಜಿಗೆ ಒಪ್ಪುವುದಿಲ್ಲ. ನಮ್ಮ ಪರೀಕ್ಷೆಯಲ್ಲಿ ಸಾಲು ಗೆದ್ದಿತು. ಆಕೆ ‘ಕರುಣಾಮಯಿ’ ಎಂದು ಎಲ್ಲಿಯೂ ಹೇಳಿಲ್ಲ. ಆ ಗುಣವೆಲ್ಲ ‘ಬಂದಾರು’ ಎಂಬ ಒಂದು ಕ್ರಿಯಾಪದದಲ್ಲಿ ಅಡಗಿದೆ. ‘ಬರುತ್ತಾರೆ’ ಎಂದರೆ ನಿಶ್ಚಯ, ‘ಬರಲಿ’ ಎಂದರೆ ಹಾರೈಕೆ. ‘ಬಂದಾರು’ ಎಂಬುದು ಸಂಭಾವನೆ—ಬಂದರೂ ಬರಬಹುದು, ಬಾರದಿದ್ದರೂ ಇರಬಹುದು. ಬಾರದಿರಬಹುದಾದವರಿಗಾಗಿ ಹಿಟ್ಟು ಕಲಸುವ ಮನಸ್ಸನ್ನು ಕನ್ನಡ ವ್ಯಾಕರಣವೇ ಇಲ್ಲಿ ಹೇಳಿಬಿಟ್ಟಿದೆ.

ಮೊದಲ ಕರಡಿನಲ್ಲಿ ಈ ಸಾಲಿನ ಹಿಂದೆ “ಇಂದು ಆ ರೊಟ್ಟಿಯೂ ಇಲ್ಲ, ತಟ್ಟುವ ಕೈಯೂ ಇಲ್ಲ” ಎಂಬ ವಾಕ್ಯವಿತ್ತು. ಆತ ತಾನಾಗಿಯೇ ಅದನ್ನು ಹೊಡೆದುಹಾಕಿದ್ದ. ಮೆಲುದನಿಯ ಬರಹಗಳು ಸಾಮಾನ್ಯವಾಗಿ ಕೆಡುವುದು ಇಲ್ಲಿಯೇ. ಸಂಗತಿಯನ್ನು ಹೇಳಿದವರು ಅದರ ಮೇಲೆ ನಂಬಿಕೆ ಸಾಲದೆ, ಓದುಗ ಎಲ್ಲಿ ಅಳಬೇಕೆಂದು ಬೆರಳು ಮಾಡಿ ತೋರಿಸುತ್ತಾರೆ. ಕರಡಿನಲ್ಲಿ ಆಕೆಯನ್ನು ‘ತಾವು’ ಎಂದು ಸಂಬೋಧಿಸಿಯೂ ಇತ್ತು. ಮನೆಯಲ್ಲಿ ಆಯಿಯನ್ನು ‘ನೀ’ ಎಂದೇ ಕರೆದ ಹುಡುಗ ಅಚ್ಚಿನಲ್ಲಿ ‘ತಾವು’ ಎಂದರೆ ಗೌರವ ಹೆಚ್ಚುವುದಿಲ್ಲ, ನೆಂಟಸ್ತಿಕೆ ದೂರವಾಗುತ್ತದೆ. ‘ತಟ್ಟುತ್ತಿದ್ದಳು’ ಎಂಬ ಏಕವಚನದಲ್ಲಿ ಸಲಿಗೆಯಿದೆ. ಆ ಸಲಿಗೆಯೇ ಇಲ್ಲಿಯ ಗೌರವ.

ಇಂಥ ಸಂಯಮ ನಮ್ಮ ಭಾಷೆಗೆ ಹೊಸದಲ್ಲ. ಸತ್ತವರ ನೆನಪಿಗೆ ಕಲ್ಲು ನಿಲ್ಲಿಸಿ ಅದರ ಮೇಲೆ ಬರೆಯುವ ವಾಡಿಕೆ ಕನ್ನಡದಲ್ಲಿ ಬಹಳ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸುಮಾರು ಕ್ರಿ. ಶ. 949–50ರದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನೆಂಬ ವೀರನ ಕಾಳಿಯೆಂಬ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಿ, ಎರಡೂ ಸತ್ತ ಸಂಗತಿಯನ್ನು ಅದು ಹೇಳುತ್ತದೆ. ನಾಯಿಯ ಹೆಸರಿದೆ, ಅದು ಮಾಡಿದ ಕೆಲಸವಿದೆ, ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ ಏರ್ಪಾಟಿದೆ. ಒಡೆಯನ ಅಳಲಿನ ವರ್ಣನೆ ಇಲ್ಲ. ಸಾವಿರ ವರ್ಷ ದಾಟಿ ಆ ನಾಯಿ ಇಂದಿಗೂ ಕಾಳಿಯಾಗಿಯೇ ಉಳಿದಿದೆಯೆಂದರೆ ಅದಕ್ಕೆ ಕಾರಣ ಹೆಸರು ಮತ್ತು ಕೆಲಸ, ಇವೆರಡೇ. ನಮ್ಮ ಅಜ್ಜಿಯರ ಪಟದ ಕೆಳಗೆ ಅಷ್ಟಾದರೂ ಇರಬೇಡವೆ?

ಲಚ್ಯಾಣದಂತೆಯೇ ಇಂಡಿಯ ಸೀಮೆಗೆ ಸೇರಿದ್ದ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹವನ್ನು 1931ರಲ್ಲಿ ಹೊರತಂದರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಕಟ್ಟಿದ ತ್ರಿಪದಿಗಳು ಅವು. ತವರಿನ ನೆನಪನ್ನು ಮೂರು ಸಾಲಿನ ಅಳತೆಯಲ್ಲಿ ಹಿಡಿದಿಡಲು ಬಲ್ಲ ಬಾಯಿಗಳು ಈ ನೆಲದಲ್ಲಿದ್ದವು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಅಂಥವರ ಮೊಮ್ಮಕ್ಕಳು ಆಯಿಯನ್ನು ನೆನೆಯಲು ಮುದ್ರಣಾಲಯದ ಸಿದ್ಧವಾಕ್ಯಗಳ ಪಟ್ಟಿಗೆ ಕೈಯೊಡ್ಡುವುದು ಸೋಜಿಗವೇ ಸರಿ.

ಆದರೂ ಎರಡು ಎಚ್ಚರಗಳನ್ನು ಹೇಳಬೇಕು. ಮೆಲುದನಿಯೂ ಒಂದು ಬೆಡಗಾಗಿಬಿಡಬಹುದು. ನಾಳೆ ಪ್ರತಿಯೊಂದು ಪಟದ ಕೆಳಗೂ ರೊಟ್ಟಿ, ಕೌದಿಗಳು ಬಂದು ಕುಳಿತರೆ ಅವೂ ‘ಕಾಲನ ಕ್ರೂರ ಹಸ್ತ’ದಂತೆಯೇ ಸವಕಲಾಗುತ್ತವೆ. ಜಗಳಗಂಟಿಯಾಗಿದ್ದ ಆಯಿಯನ್ನು ಜಗಳಗಂಟಿಯೆಂದೇ ನೆನೆಯುವ ಧೈರ್ಯ ಬೇಕು. ಎರಡನೆಯದು, ಈ ಸಮಾಧಾನ ಎಲ್ಲ ಸಾವಿಗೂ ಸಲ್ಲದು. ತುಂಬುಬಾಳು ಬಾಳಿ ಹೋದವಳ ವಿಷಯದಲ್ಲಿ ಅದು ಸಹಜ; ಅಕಾಲದಲ್ಲಿ, ಅನ್ಯಾಯದಲ್ಲಿ ಹೋದವರ ಮನೆಯವರಿಗೆ ಮೆಲ್ಲಗೆ ಮಾತಾಡಿರೆಂದು ಹೇಳುವುದು ನಿರ್ದಯತೆಯಾದೀತು.

ಇನ್ನು ದಿನದ ಮಾತು. ಚಾಂದ್ರವರ್ಷಕ್ಕೆ ಸುಮಾರು 354 ದಿನಗಳು. ಆದ್ದರಿಂದ ತಿಥಿ ಹಿಡಿಯುವ ಮನೆಯಲ್ಲಿ ಸ್ಮರಣೆಯ ದಿನ ತಾರೀಖಿನೊಂದಿಗೆ ಕೂಡದೆ ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದಾಗ ಮುಂದಕ್ಕೆ ಹೋಗುತ್ತದೆ. ಯಾವುದನ್ನು ಹಿಡಿದರೂ ತೀರಿಕೊಂಡ ತಾರೀಖನ್ನೂ ವರ್ಷವನ್ನೂ ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು. ಹುಟ್ಟಿದ ವರ್ಷ ತಿಳಿಯದಿದ್ದರೆ ಕಲ್ಪಿಸಿ ಬರೆಯಬಾರದು. ಬರಗಾಲದ ಲೆಕ್ಕವೋ ಮದುವೆಯ ಲೆಕ್ಕವೋ ಮನೆಯಲ್ಲಿ ಹೇಗೆ ಹೇಳುತ್ತಿದ್ದರೋ ಹಾಗೆಯೇ ಬರೆದರಾಯಿತು. ಹೆಸರು, ತವರು, ತಾರೀಖು, ಆಕೆಯೊಬ್ಬಳೇ ಮಾಡುತ್ತಿದ್ದ ಒಂದು ಕೆಲಸ—ಇಷ್ಟು ಸರಿಯಾಗಿದ್ದರೆ ನಾಲ್ಕು ಸಾಲಿನ ಜಾಗ ತುಂಬಿಹೋಗುತ್ತದೆ.