ಗುಂಡಿಲ್ಲದ ಗುರಿ

ಹತ್ತು ಮೀಟರ್ ಏರ್ ಪಿಸ್ತೂಲಿನ ಸ್ಪರ್ಧೆಯನ್ನು ಮೊದಲ ಬಾರಿಗೆ ನೋಡಲು ಹೋದವರಿಗೆ, ಪಂದ್ಯ ಆರಂಭವಾಗುವುದಕ್ಕೆ ಮುನ್ನ ಅಲ್ಲಿ ನಡೆಯುವ ವ್ಯಾಪಾರವು ನಿರರ್ಥಕವೆಂದೇ ತೋರಬಹುದು. ಸ್ಪರ್ಧಿ ತೋಳನ್ನು ನೀಳವಾಗಿ ಚಾಚಿ ಪಿಸ್ತೂಲನ್ನೆತ್ತುತ್ತಾನೆ, ನಿಧಾನವಾಗಿ ಗುರಿಯ ಮಟ್ಟಕ್ಕೆ ಇಳಿಸುತ್ತಾನೆ, 'ಟಕ್' ಎಂದು ಕ್ಷೀಣವಾದ ಸದ್ದೊಂದು ಕೇಳುತ್ತದೆ. ಗುಂಡು ಹಾರದು, ಅಂಕ ಮೂಡದು, ಆತನಾದರೋ ಏನೋ ಘಟಿಸಿತೆಂಬಂತೆ ಇನ್ನೆರಡು ಕ್ಷಣ ಹಾಗೆಯೇ ನಿಂತಿರುತ್ತಾನೆ. ಇದಕ್ಕೆ ಡ್ರೈ ಫೈರ್ ಎಂದು ಹೆಸರು. ಈ ಕ್ರೀಡೆಯ ಮರ್ಮವನ್ನು ತಿಳಿಯಬೇಕೆಂಬ ರಸಿಕನು ಅಂಕಫಲಕವನ್ನು ನೋಡುವುದಕ್ಕೆ ಮೊದಲು ಇದನ್ನು ನೋಡಲು ಕಲಿಯುವುದು ಲೇಸು; ಏಕೆಂದರೆ ಗುಂಡಿನ ಫಲವನ್ನು ತೆಗೆದುಹಾಕಿ, ಆ ಫಲಕ್ಕೆ ಕಾರಣವಾದ ಬೆರಳಿನ ಚಲನೆಯೊಂದನ್ನೇ ಬೇರ್ಪಡಿಸಿ ತೋರಿಸುವ ಉಪಾಯ ಇದು.

ಬೆರಳಿಗೆ ಇಷ್ಟು ಮಹತ್ತ್ವ ಏಕೆಂಬುದು ಸ್ವಲ್ಪ ಲೆಕ್ಕ ಹಾಕಿದರೆ ತಿಳಿಯುತ್ತದೆ. ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಣ ಅಂತರ ಸುಮಾರು 32 ಸೆಂಟಿಮೀಟರ್. ಗುರಿಯಿರುವುದು 10 ಮೀಟರ್ ದೂರದಲ್ಲಿ. ಕೈಯೆಲ್ಲವೂ ಒಟ್ಟಾಗಿ, ಸೈಟುಗಳ ಸಾಲು ಕೆಡದಂತೆ, 1 ಮಿಲಿಮೀಟರ್ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ. ಆದರೆ ಹಿಂದಿನ ಸೈಟಿನ ಕಚ್ಚಿನೊಳಗೆ ಮುಂದಿನ ಸೈಟು ಅದೇ 1 ಮಿಲಿಮೀಟರ್ ಓರೆಯಾದರೆ, ಆ ಓರೆಯು ದೂರದೊಡನೆ ಬೆಳೆದು, ಗುರಿಯನ್ನು ಮುಟ್ಟುವ ವೇಳೆಗೆ 31 ಮಿಲಿಮೀಟರಾಗಿರುತ್ತದೆ. ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರ್, ಕರಿಯ ಭಾಗದ ವ್ಯಾಸ 59.5, ಆದಕಾರಣ ಈ ಗುಂಡು ಕರಿಯ ಅಂಚಿನ ಮೇಲೆ ಬಿದ್ದು ಏಳು ಅಂಕವನ್ನು ಪಡೆಯುತ್ತದೆ. ಕೈ ನಡುಗುತ್ತದೆಂದು ಕೊರಗುವ ಹೊಸಬರು ಅನೇಕರು. ನಡುಕವು ಯಾರನ್ನೂ ಬಿಟ್ಟದ್ದಲ್ಲ, ಅದರಿಂದಾಗುವ ನಷ್ಟವೂ ಅಲ್ಪ. ಅಂಕವನ್ನು ತಿನ್ನುವುದು ಟ್ರಿಗರನ್ನು ಒತ್ತುವ ಗಳಿಗೆಯಲ್ಲಿ ಸಂಭವಿಸುವ ಆ ಓರೆ. ನಿಯಮದ ಪ್ರಕಾರ ಟ್ರಿಗರಿನ ಭಾರ 500 ಗ್ರಾಮಿಗೆ ಕಡಮೆಯಿರಕೂಡದು. ಒಂದು ಕಿಲೋ ಆಸುಪಾಸಿನ ಪಿಸ್ತೂಲಿನ ಮೇಲೆ ಅರ್ಧ ಕಿಲೋ ಒತ್ತಡವನ್ನು, ಅದು ಕಿಂಚಿತ್ತೂ ಹೊರಳದಂತೆ, ನೇರವಾಗಿ ಹಿಂದಕ್ಕೆ ಹಾಕುವುದೇ ಟ್ರಿಗರಿನ ಹಿಡಿತ.

ಅಭ್ಯಾಸಕ್ಕೆ ಮೊದಲು ಆಯುಧದ ವಿಚಾರ. ಪಂದ್ಯದರ್ಜೆಯ ಏರ್ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಡ್ರೈ ಫೈರಿಗೆಂದೇ ಒಂದು ವ್ಯವಸ್ಥೆಯಿರುತ್ತದೆ. ಅದನ್ನು ಹಾಕಿಕೊಂಡರೆ ಗಾಳಿ ಬಿಡುಗಡೆಯಾಗದೆ ಟ್ರಿಗರ್ ಮಾತ್ರ ಎಂದಿನಂತೆ ಮುರಿಯುತ್ತದೆ. ಪೆಲೆಟ್ಟಿನ ಖರ್ಚಿಲ್ಲ, ಸಿಲಿಂಡರಿನ ಗಾಳಿಯ ಖರ್ಚಿಲ್ಲ, ರೇಂಜಿಗೆ ಹೋಗಿಬರುವ ಖರ್ಚೂ ಇಲ್ಲ. ಆದರೆ ಸ್ಪ್ರಿಂಗಿನ ಬಲದಿಂದ ಪಿಸ್ಟನ್ ಓಡುವ ಅಗ್ಗದ ಏರ್‌ಗನ್ನುಗಳನ್ನು ಪೆಲೆಟ್ಟಿಲ್ಲದೆ ಹಾರಿಸಕೂಡದು. ಎದುರಿಗೆ ಗಾಳಿಯ ತಡೆಯಿಲ್ಲದೆ ಪಿಸ್ಟನ್ ಹೋಗಿ ಬಡಿದು ಒಳಭಾಗಗಳು ಹಾಳಾಗುತ್ತವೆ. ಪಾಯಿಂಟ್ ಟೂಟೂ ಬಂದೂಕುಗಳಲ್ಲಿಯೂ ಅನೇಕವುಗಳ ಫೈರಿಂಗ್ ಪಿನ್ ಖಾಲಿ ಚೇಂಬರಿನ ಅಂಚಿಗೆ ತಾಗುವ ಭಯವುಂಟು. ತಯಾರಕರ ಸೂಚನೆಯನ್ನು ಓದದೆ ಮುಟ್ಟಬಾರದು.

ಇನ್ನು ಸುರಕ್ಷತೆ. ಪೆಲೆಟ್ಟಿನ ಡಬ್ಬಿಯು ಅಭ್ಯಾಸದ ಕೋಣೆಯಲ್ಲಿರಕೂಡದು. ಮೇಜಿನ ಮೇಲಷ್ಟೇ ಅಲ್ಲ, ಕೋಣೆಯಲ್ಲಿಯೇ ಇರಕೂಡದು. ಪಿಸ್ತೂಲನ್ನು ತೆರೆದು, ಒಳಗೆ ಏನೂ ಇಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳತಕ್ಕದ್ದು. ನಡುವೆ ಫೋನಿಗೆಂದು ಎದ್ದುಹೋಗಿ ಬಂದರೆ ಮತ್ತೆ ಮೊದಲಿನಿಂದ. ಎದುರಿನ ಗೋಡೆ ಗಟ್ಟಿಯಾದ ಕಲ್ಲಿನದೋ ಇಟ್ಟಿಗೆಯದೋ ಆಗಿದ್ದು, ಅದರಾಚೆ ಜನರ ಓಡಾಟವಿರಬಾರದು. ಅಪಘಾತದ ಹೊತ್ತು ಯಾವುದೆಂದರೆ ಅಭ್ಯಾಸ ಮುಗಿದ ಮರುಕ್ಷಣ: ಪಿಸ್ತೂಲಿಗೆ ಪೆಲೆಟ್ ತುಂಬಿದ ಮೇಲೆ 'ಇನ್ನೊಂದೇ ಸಲ' ಎಂಬ ಆಸೆ ಹುಟ್ಟುವುದುಂಟು. ಮುಗಿಯಿತೆಂದು ಗಟ್ಟಿಯಾಗಿ ಬಾಯಿಬಿಟ್ಟು ಹೇಳಿ ಪೆಟ್ಟಿಗೆಯನ್ನು ಮುಚ್ಚುವ ಪದ್ಧತಿ ಹಾಸ್ಯಾಸ್ಪದವಾಗಿ ಕಂಡರೂ ಒಳ್ಳೆಯದು.

ಆರಂಭದಲ್ಲಿ ಗುರಿಯ ಚಿತ್ರವನ್ನೂ ಅಂಟಿಸಬೇಡಿ. ಬರಿಯ ಬಿಳಿ ಗೋಡೆ ಸಾಕು. ಕರಿಯ ವೃತ್ತವೊಂದು ಕಣ್ಣೆದುರಿಗಿದ್ದರೆ ದೃಷ್ಟಿ ಅಲ್ಲಿಗೆ ಓಡುತ್ತದೆ. ಗೋಡೆ ಬರಿದಾಗಿದ್ದರೆ ಮುಂದಿನ ಸೈಟನ್ನಲ್ಲದೆ ನೋಡುವುದಕ್ಕೆ ಮತ್ತೇನೂ ಇರುವುದಿಲ್ಲ. ಪಿಸ್ತೂಲನ್ನೆತ್ತಿ ಇಳಿಸುತ್ತ ಬರುವಾಗಲೇ ಟ್ರಿಗರಿನ ಮೊದಲ ಹಂತದ ಸಡಿಲವನ್ನು ತೆಗೆದುಕೊಳ್ಳಬೇಕು. ಕೈ ನೆಲೆಗೊಂಡ ಮೇಲೆ ಒತ್ತಡವು ನಿಲ್ಲದೆ ಏರುತ್ತಿರಬೇಕು. ಐದಾರು ಸೆಕೆಂಡಿನಲ್ಲಿ 'ಟಕ್' ಎನ್ನಬೇಕು. ಅನ್ನದಿದ್ದರೆ ಹಟ ಹಿಡಿಯದೆ ಇಳಿಸಿಬಿಡಿ. ಸದ್ದಾದ ಮೇಲೂ ಎರಡು ಸೆಕೆಂಡು ಸೈಟಿನ ಮೇಲೆಯೇ ದೃಷ್ಟಿಯಿರಲಿ. ತೋಳು ದಣಿದ ಮೇಲೆ ಮಾಡಿದ ಅಭ್ಯಾಸವು ದಣಿವನ್ನೇ ಕಲಿಸುವುದರಿಂದ, ಇಪ್ಪತ್ತು ನಿಮಿಷಕ್ಕೆ ಮೀರಿದ್ದು ಹೊಸಬರಿಗೆ ಹೆಚ್ಚು.

ಬಲಗೈಯವನಾದ ಹೊಸಬನೊಬ್ಬನನ್ನು ಕಲ್ಪಿಸಿಕೊಳ್ಳೋಣ. ರೇಂಜಿನಲ್ಲಿ ಅವನ ಗುಂಡುಗಳು ಪದೇ ಪದೇ ಎಡಕ್ಕೂ ಕೆಳಕ್ಕೂ ಬೀಳುತ್ತವೆ; ಸೈಟು ಸರಿಯಿಲ್ಲವೆಂದು ತಿರುಪನ್ನು ತಿರುವುತ್ತಾನೆ; ಮರುದಿನ ಎಲ್ಲವೂ ಬಲಕ್ಕೆ ಹೋಗುತ್ತವೆ. ಅವನನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿದರೆ ಮುಂದಿನ ಸೈಟು ಎಡಕ್ಕೆ ಕುಸಿಯುವುದು ಅವನಿಗೇ ಕಾಣುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ, ಅದು ಕುಸಿದದ್ದು ಯಾವಾಗ ಎಂಬುದು. ಸದ್ದಿಗೆ ಮುಂಚೆಯೇ ಕುಸಿದರೆ, ನಿಂಬೆಹಣ್ಣನ್ನು ಹಿಂಡುವವನಂತೆ ಅವನು ಐದು ಬೆರಳನ್ನೂ ಒಟ್ಟಿಗೆ ಬಿಗಿಯುತ್ತಿದ್ದಾನೆ. ಹಿಡಿಯ ಬಿಗಿಯನ್ನು ಆದಿಯಲ್ಲಿಯೇ ನಿಶ್ಚಯಿಸಿ, ತೋರುಬೆರಳೊಂದನ್ನೇ ಚಲಿಸಬೇಕು. ಸರಿಯಾಗಿ ಸದ್ದಿನೊಡನೆ ಪಕ್ಕಕ್ಕೆ ಜಿಗಿದರೆ ಬೆರಳು ಟ್ರಿಗರನ್ನು ಓರೆಯಾಗಿ ತಳ್ಳುತ್ತಿದೆ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಮಧ್ಯಭಾಗ ತಾಗುವಂತೆ ಟ್ರಿಗರಿನ ಸ್ಥಾನವನ್ನು ಹೊಂದಿಸಿ ನೋಡಬೇಕು. ಸದ್ದಾದ ಮೇಲೆ ಕುಸಿದರೆ ಬೇಗ ಕೈಬಿಡುವ ಚಾಳಿ. ಕಾಗದದ ಮೇಲೆ ಈ ಮೂರು ತಪ್ಪುಗಳೂ ಒಂದೇ ಬಗೆಯ ತೂತನ್ನು ಮಾಡಬಲ್ಲವು.

ಡ್ರೈ ಫೈರಿನ ಎಲ್ಲೆಯೂ ಇಲ್ಲಿಯೇ ಇದೆ. ತೂತು ಬೀಳದುದರಿಂದ ನಿಮ್ಮ ಕಣ್ಣೇ ಸಾಕ್ಷಿ, ನೀವೇ ನ್ಯಾಯಾಧಿಪತಿ. ಸೈಟಿನ ಸಾಲು ಒಂದೇ ತೆರನಾಗಿ ಕಂಡರೂ ಹಿಡಿಯ ಬಿಗಿ ಒಂದು ಎತ್ತಿಗಿಂತ ಇನ್ನೊಂದಕ್ಕೆ ಭಿನ್ನವಾಗಿರಬಹುದು. ಅದು ಗುಂಡು ಹಾರಿದಾಗಲೇ ಹೊರಬೀಳುವ ಸಂಗತಿ. ಸೈಟನ್ನು ಗುರಿಗೆ ಹೊಂದಿಸುವುದನ್ನಂತೂ ಡ್ರೈ ಫೈರ್ ಎಳ್ಳಷ್ಟೂ ಕಲಿಸದು. ಏರ್ ಪಿಸ್ತೂಲನ್ನು ಬಿಟ್ಟು ಸದ್ದು, ಒದೆತಗಳುಳ್ಳ ಬಂದೂಕಿಗೆ ಬಂದರೆ ಇನ್ನೊಂದು ತೊಡಕು: ಒದೆತಕ್ಕೆ ಬೆದರಿ ಮೊದಲೇ ಬೆಚ್ಚುವ ದೋಷವು, ಚೇಂಬರ್ ಖಾಲಿಯೆಂದು ಮನಸ್ಸಿಗೆ ತಿಳಿದಿರುವಾಗ ತಲೆಯನ್ನೇ ಎತ್ತದೆ ಅಡಗಿರುತ್ತದೆ. ಅದನ್ನು ಹಿಡಿಯಲು, ರೇಂಜಿನಲ್ಲಿ ಬೇರೊಬ್ಬರು ನಿಜವಾದ ಗುಂಡುಗಳ ನಡುವೆ ಹುಸಿಗುಂಡುಗಳನ್ನು ಬೆರೆಸಿ ತುಂಬಿಕೊಡಬೇಕು. ಪಂದ್ಯದ ಕಳವಳವನ್ನೂ ಗೋಡೆ ಕೊಡಲಾರದು. 60 ಗುಂಡುಗಳ ಸುತ್ತಿನಲ್ಲಿ ಐವತ್ತನೆಯದರ ಹೊತ್ತಿಗೆ ಅಂಕದ ಎಣಿಕೆ ಬೆರಳನ್ನು ಹೆಪ್ಪುಗಟ್ಟಿಸುವ ಬಗೆ ಬೇರೆಯೇ.

ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ, ಮನು ಭಾಕರ್ 2024ರ ಪ್ಯಾರಿಸ್ಸಿನಲ್ಲಿ ಕಂಚನ್ನೂ ಗೆದ್ದದ್ದು ಇದೇ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ. ಇಂಥ ಪಂದ್ಯವೊಂದಕ್ಕೆ ಇನ್ನೊಮ್ಮೆ ಹೋದಾಗ, ನಳಿಗೆಯ ತುದಿಯನ್ನು ಗಮನಿಸಿ: ಸದ್ದಾಗುವಾಗ ಅದು ಕದಲಿತೆ, ಆ ಮೇಲೆ ಎಷ್ಟು ಹೊತ್ತು ನಿಂತಿತು. ಮತ್ತು, ಗುರಿ ಹಿಡಿದೂ ಹಾರಿಸದೆ ಇಳಿಸಿದ ಎತ್ತುಗಳನ್ನು ಎಣಿಸಿ; ಒಳ್ಳೆಯ ಗುರಿಕಾರನಲ್ಲಿ ಅವಕ್ಕೆ ಕೊರತೆಯಿರುವುದಿಲ್ಲ.