ಬ್ಯಾಟರಿ ಬದಲಾಯಿತು, ದೀಪ ಆರಲಿಲ್ಲ

ಬ್ಯಾಟರಿ ಬದಲಾಯಿಸಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಒಂದೆರಡು ದೀಪ ಉಳಿದುಕೊಳ್ಳುವುದುಂಟು. ಎಷ್ಟೋ ಕಾರುಗಳಲ್ಲಿ ಪವರ್ ಸ್ಟೀರಿಂಗಿನ ದೀಪವೋ ಸ್ಟೆಬಿಲಿಟಿ ಕಂಟ್ರೋಲಿನ ದೀಪವೋ ಹೀಗೆ ಉರಿಯುತ್ತದೆ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಒಂದೆರಡು ಕಿಲೋಮೀಟರ್ ಓಡಿಸಿದರೆ ಸ್ಟೀರಿಂಗಿನ ನಟ್ಟನಡು ಯಾವುದೆಂದು ಸೆನ್ಸರ್ ಮತ್ತೆ ಕಲಿಯುತ್ತದೆ, ದೀಪ ಆರುತ್ತದೆ. ಗ್ಯಾರೇಜಿನವರಿಗೆ ಇದು ಕಣ್ಣಾರೆ ಕಂಡ ಸತ್ಯ. ತೊಂದರೆ ಶುರುವಾಗುವುದು ಇದೇ ಸತ್ಯವನ್ನು ಏರ್‌ಬ್ಯಾಗಿನ ದೀಪಕ್ಕೂ ಹೊಂದಿಸಿದಾಗ. ಹೋದ ವರ್ಷ ನನ್ನ ಕಾರಿಗೆ ಬ್ಯಾಟರಿ ಹಾಕಿದ ಹುಡುಗನೂ ಹೇಳಿದ್ದು ಅದನ್ನೇ: “ಎರಡು ದಿನ ಓಡ್ಸಿ ಸಾರ್, ತಾನಾಗೇ ಹೋಗುತ್ತೆ.”

ಎರಡು ದಿನವಲ್ಲ, ಹನ್ನೆರಡು ದಿನ ಕಳೆದರೂ ಹೋಗಲಿಲ್ಲ.

ಆ ಮಾತಿನ ಹಿಂದೆ ಒಂದು ತರ್ಕವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸೋತ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆದಾಗ ವೋಲ್ಟೇಜು ಒಂಬತ್ತಕ್ಕಿಂತ ಕೆಳಕ್ಕೂ ಕುಸಿಯಬಹುದು. ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ಟು ಅದನ್ನು ಗಮನಿಸಿ ‘ವಿದ್ಯುತ್ ಪೂರೈಕೆ ಕಡಿಮೆ’ ಎಂದು ಬರೆದಿಟ್ಟುಕೊಳ್ಳುತ್ತದೆ. ಹೊಸ ಬ್ಯಾಟರಿ ಬಂದ ಮೇಲೆ ಕೆಲವು ಕಾರುಗಳಲ್ಲಿ ದೀಪ ತಾನಾಗಿ ಆರುತ್ತದೆ, ಕೆಲವುಗಳಲ್ಲಿ ಸ್ಕ್ಯಾನರ್ ಹಾಕಿ ಅಳಿಸುವವರೆಗೂ ಉರಿಯುತ್ತದೆ. ‘ಬ್ಯಾಟರಿಯಿಂದಲೇ ಬಂದದ್ದು’ ಎಂಬ ಊಹೆ ಹಲವು ಸಲ ಸರಿಯಾಗಿಯೇ ಇರುತ್ತದೆ. ಆದರೆ ಸರಿಯೋ ತಪ್ಪೋ ಎಂದು ದೀಪವನ್ನು ನೋಡಿ ಹೇಳಲಾಗದು. ವೋಲ್ಟೇಜು ಕುಸಿದ ಹಳೆಯ ನೆನಪಿಗೂ ಅದೇ ದೀಪ, ಇವತ್ತು ಕಡಿದುಹೋದ ತಂತಿಗೂ ಅದೇ ದೀಪ. ಎರಡನೆಯದಾದರೆ ಡಿಕ್ಕಿಯಾದ ಗಳಿಗೆಯಲ್ಲಿ ಆ ಏರ್‌ಬ್ಯಾಗ್ ಬಿಚ್ಚಿಕೊಳ್ಳದೆ ಇರಬಹುದು. ಕೆಲವು ಯೂನಿಟ್ಟುಗಳು ದೋಷದ ಬಗೆ ನೋಡಿ ಇಡೀ ವ್ಯವಸ್ಥೆಯನ್ನೇ ನಿಲ್ಲಿಸಿಬಿಡುತ್ತವೆ.

‘ಬ್ಯಾಟರಿ ಟರ್ಮಿನಲ್ ಬಿಚ್ಚಿ ಅರ್ಧ ಗಂಟೆ ಬಿಟ್ಟು ಹಾಕಿ’ ಎಂಬ ಇನ್ನೊಂದು ಸಲಹೆಗೆ ಬೆಲೆಯೇ ಇಲ್ಲ. ಏರ್‌ಬ್ಯಾಗಿನ ದೋಷದ ದಾಖಲೆ ಕರೆಂಟು ಹೋದರೂ ಅಳಿಯದ ನೆನಪಿನಲ್ಲಿರುತ್ತದೆ. ಅಪಘಾತದ ನಂತರವೂ ಉಳಿಯಬೇಕೆಂದೇ ಅದನ್ನು ಹಾಗೆ ಮಾಡಿರುವುದು.

ನನ್ನ ಊಹೆಗೆ ಬಲ ಕೊಟ್ಟದ್ದು ಬ್ಲೂಟೂತಿನ ಅಗ್ಗದ ರೀಡರ್. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದೆ, ಮೊಬೈಲಿನಲ್ಲಿ ‘ದೋಷವಿಲ್ಲ’ ಎಂದು ಬಂತು, ನೆಮ್ಮದಿಯಾಯಿತು. ಆ ನೆಮ್ಮದಿ ಸುಳ್ಳು ಎಂದು ಆಮೇಲೆ ತಿಳಿಯಿತು. ಇಂಥ ರೀಡರುಗಳು ಸಾಮಾನ್ಯವಾಗಿ ಮಾತಾಡಿಸುವುದು ಎಂಜಿನ್ನಿನ ಯೂನಿಟ್ಟನ್ನು ಮಾತ್ರ. ಅಲ್ಲಿಂದ ಬರುವ ಕೋಡುಗಳು P ಅಕ್ಷರದಿಂದ ಶುರುವಾಗುತ್ತವೆ. ಏರ್‌ಬ್ಯಾಗಿನದು ಬೇರೆ ಯೂನಿಟ್ಟು, ಅದರ ಕೋಡುಗಳು ಹೆಚ್ಚಾಗಿ B ಅಕ್ಷರದವು. ಅದನ್ನು ಓದಲು ಆ ಕಂಪನಿಯ ಭಾಷೆ ಬಲ್ಲ ಸ್ಕ್ಯಾನರ್ ಬೇಕು. ಪಕ್ಕದ ಮನೆಯ ಬಾಗಿಲು ತಟ್ಟಿ, ಈ ಮನೆಯಲ್ಲಿ ಯಾರೂ ಇಲ್ಲ ಎಂದು ಬರೆದುಕೊಂಡಂತಾಗಿತ್ತು ನನ್ನ ಪರೀಕ್ಷೆ.

ಕೊನೆಗೆ ತೋರಿಸಿದ್ದು ವಯಸ್ಸಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ಗೆ. ಅವರು ಮೊದಲು ಬ್ಯಾಟರಿಯ ವೋಲ್ಟೇಜು ನೋಡಿದರು: ನಿಂತಾಗ 12.6, ಎಂಜಿನ್ ಓಡುವಾಗ 14ರ ಆಸುಪಾಸು. ಅಂದರೆ ಈಗ ಪೂರೈಕೆಯಲ್ಲಿ ಕೊರತೆಯಿಲ್ಲ. ಆಮೇಲೆ ಸ್ಕ್ಯಾನರಿನಲ್ಲಿ ಏರ್‌ಬ್ಯಾಗ್ ಯೂನಿಟ್ಟನ್ನು ತೆರೆದರು. ಎರಡು ಕೋಡ್ ಇದ್ದವು. ಒಂದು, ಕಡಿಮೆ ವೋಲ್ಟೇಜಿನದು; ಅದರ ಮುಂದೆ ‘ಹಿಸ್ಟರಿ’ ಎಂದಿತ್ತು. ಇನ್ನೊಂದು B0028-1B, ಅದರ ಮುಂದೆ ‘ಕರೆಂಟ್’ ಎಂದಿತ್ತು, ಅಂದರೆ ದೋಷ ಈ ಕ್ಷಣವೂ ಇದೆ. ಬಲಗಡೆಯ ಸೈಡ್ ಏರ್‌ಬ್ಯಾಗಿನ ಸರ್ಕ್ಯೂಟು, ರೆಸಿಸ್ಟೆನ್ಸ್ ಮಿತಿಗಿಂತ ಜಾಸ್ತಿ ಎಂದು ಅದರ ಅರ್ಥ. ನಮ್ಮೆಲ್ಲರ ಊಹೆ ಅರ್ಧ ಸರಿಯಿತ್ತು; ದೀಪ ಉರಿಸುತ್ತಿದ್ದದ್ದು ಉಳಿದರ್ಧ.

ಸ್ಕ್ಯಾನಿನ ಬೆಲೆಯೂ ಮಿತಿಯೂ ಇಲ್ಲೇ ಒಟ್ಟಿಗೆ ಕಂಡವು. ಕೋಡು ಸರ್ಕ್ಯೂಟನ್ನು ಹೇಳುತ್ತದೆ, ಕೆಟ್ಟ ಭಾಗವನ್ನು ಹೇಳುವುದಿಲ್ಲ. ಆ ಸರ್ಕ್ಯೂಟಿನಲ್ಲಿ ಏರ್‌ಬ್ಯಾಗಿದೆ, ತಂತಿಯಿದೆ, ಸೀಟಿನ ಕೆಳಗಿನ ಹಳದಿ ಕಪ್ಲರ್ ಇದೆ, ಆ ತುದಿಯಲ್ಲಿ ಯೂನಿಟ್ಟೂ ಇದೆ. ಕೋಡು ನೋಡಿದ ಕೂಡಲೇ ‘ಏರ್‌ಬ್ಯಾಗ್ ಹೋಗಿದೆ, ಬದಲಾಯಿಸಿ’ ಎಂದವರಿದ್ದರೆ ಅದೂ ಊಹೆಯೇ, ದುಬಾರಿ ಊಹೆ. ಅವರು ಹಾಗೆ ಮಾಡದೆ ಲೈವ್ ಡೇಟಾ ತೆರೆದರು. ಉಳಿದ ಏರ್‌ಬ್ಯಾಗುಗಳೆಲ್ಲ ಎರಡು ಓಮ್ ಸುತ್ತಮುತ್ತ ತೋರಿಸುತ್ತಿದ್ದವು. ಬಲಗಡೆಯದು ಮಾತ್ರ ನಾಲ್ಕು, ಆರು ಎಂದು ಕುಣಿಯುತ್ತಿತ್ತು. ಸೀಟನ್ನು ಹಿಂದಕ್ಕೆ ಜರುಗಿಸಿದಾಗ ಇನ್ನೂ ಏರಿತು. ಪೂರ್ತಿ ಕಡಿದಿದ್ದರೆ ಕೋಡಿನ ಬಾಲವೇ ಬೇರೆ ಇರುತ್ತಿತ್ತು. ಇದು ಎಲ್ಲೋ ಸರಿಯಾಗಿ ಕಚ್ಚದ ಸಂಪರ್ಕ.

“ಸೀಟ್ ಕೆಳಗೆ ಏನಾದ್ರೂ ಇಟ್ಟಿದ್ರಾ?” ಎಂದರು. ಇಟ್ಟಿದ್ದೆ, ಜಂಪರ್ ಕೇಬಲ್. ಬ್ಯಾಟರಿ ಕೈಕೊಟ್ಟ ಬೆಳಿಗ್ಗೆ ಅವಸರದಲ್ಲಿ ಅದನ್ನು ಎಳೆದು ತೆಗೆದಿದ್ದೆ. ಅದರ ಕ್ಲಿಪ್ಪು ಸೀಟಿನ ವೈರಿಂಗಿಗೆ ಸಿಕ್ಕಿ ಕಪ್ಲರ್ ಅರ್ಧ ಕಿತ್ತು ಬಂದಿತ್ತು. ಬ್ಯಾಟರಿಗೂ ದೀಪಕ್ಕೂ ಸಂಬಂಧವಿತ್ತು ನಿಜ, ಆದರೆ ವೋಲ್ಟೇಜಿನ ಮೂಲಕವಲ್ಲ, ನನ್ನ ಕೈಯ ಮೂಲಕ.

ಅವರು ಕೂಡಲೇ ಸೀಟಿನ ಕೆಳಗೆ ಕೈ ಹಾಕಲಿಲ್ಲ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮೂರು ನಿಮಿಷ ಕಾದರು. ಅಪಘಾತದಲ್ಲಿ ಬ್ಯಾಟರಿಯೇ ಮುರಿದರೂ ಏರ್‌ಬ್ಯಾಗ್ ಸಿಡಿಯಲೆಂದು ಯೂನಿಟ್ಟಿನೊಳಗೆ ಕೆಪಾಸಿಟರ್ ಇರುತ್ತದೆ, ಅದು ಖಾಲಿಯಾಗಬೇಕು. ಎಷ್ಟು ಹೊತ್ತು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರು 90 ಸೆಕೆಂಡ್ ಎನ್ನುತ್ತಾರೆ, ಕೆಲವರು ಮೂರು ನಿಮಿಷ. ಊಹೆಯ ರಿಪೇರಿಯಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವುದು ಈ ಕಾಯುವಿಕೆ ಇಲ್ಲದಿರುವುದು. ಎಲೆಕ್ಟ್ರಿಷಿಯನ್‌ಗಳು ಎಲ್ಲ ತಂತಿಗೂ ಹಿಡಿಯುವ ಬಲ್ಬಿನ ಟೆಸ್ಟ್ ಲ್ಯಾಂಪನ್ನೇ ನೋಡಿ: 12 ವೋಲ್ಟಿನ 21 ವ್ಯಾಟ್ ಬಲ್ಬು ಒಂದು ಮುಕ್ಕಾಲು ಆಂಪಿಯರಿನಷ್ಟು ಕರೆಂಟು ಎಳೆಯುತ್ತದೆ. ಏರ್‌ಬ್ಯಾಗಿನ ಕಿಡಿಗೆ ಸಾಮಾನ್ಯವಾಗಿ 1.2 ಆಂಪಿಯರ್, ಅದೂ ಸೆಕೆಂಡಿನ ಸಾವಿರ ಭಾಗಗಳಲ್ಲಿ ಎರಡರಷ್ಟು ಹೊತ್ತು ಹರಿದರೆ ಸಾಕು. ಮಲ್ಟಿಮೀಟರಿನ ಓಮ್ ಅಳತೆಯೂ ತಂತಿಯಲ್ಲಿ ಕರೆಂಟು ಹರಿಸಿಯೇ ಅಳೆಯುವುದರಿಂದ ಏರ್‌ಬ್ಯಾಗಿಗೆ ನೇರವಾಗಿ ಮೀಟರ್ ಹಿಡಿಯಬಾರದೆಂದು ಸರ್ವೀಸ್ ಕೈಪಿಡಿಗಳು ಎಚ್ಚರಿಸುತ್ತವೆ. ಸೀಟಿನ ಮೇಲೆ ಬಾಗಿ ಕಪ್ಲರಿಗೆ ಬಲ್ಬು ತಾಗಿಸುವವನ ಮುಖ ಆಗ ಎಲ್ಲಿರುತ್ತದೆಂದು ಯೋಚಿಸಬೇಕು.

ಕಪ್ಲರಿನ ಪಿನ್ನುಗಳು ನೆಟ್ಟಗಿದ್ದವು, ತಂತಿ ಗಾಯಗೊಂಡಿರಲಿಲ್ಲ. ಲಾಕು ‘ಟಿಕ್’ ಎನ್ನುವವರೆಗೂ ಒತ್ತಿ, ವೈರಿಂಗನ್ನು ಸೀಟಿನ ಚೌಕಟ್ಟಿನ ಕ್ಲಿಪ್ಪಿಗೆ ಮತ್ತೆ ಸಿಕ್ಕಿಸಿದರು. ತಂತಿ ಕಡಿದಿದ್ದರೆ ಹೊಸೆದು ಟೇಪ್ ಸುತ್ತುತ್ತಿರಲಿಲ್ಲ ಎಂದೂ ಹೇಳಿದರು. ಎರಡು ಓಮಿನ ಸರ್ಕ್ಯೂಟಿನಲ್ಲಿ ಹೊಸೆದ ಗಂಟೊಂದು ತುಕ್ಕು ಹಿಡಿದರೆ ಅದೇ ಹೊಸ ದೋಷವಾಗುತ್ತದೆ. ಬ್ಯಾಟರಿ ಜೋಡಿಸಿ ಮತ್ತೆ ಓದಿದಾಗ ಬಲಗಡೆಯ ಅಳತೆ ಎರಡು ಓಮಿಗೆ ಇಳಿದಿತ್ತು, ‘ಕರೆಂಟ್’ ಇದ್ದ ಜಾಗದಲ್ಲಿ ‘ಹಿಸ್ಟರಿ’ ಬಂದಿತ್ತು. ಅಳಿಸುವ ಬಟನ್ ಒತ್ತಿದ್ದು ಅದಾದ ಮೇಲೆ.

ಈ ಕ್ರಮ ಮುಖ್ಯ. ಏಕೆಂದರೆ ಸ್ಕ್ಯಾನರ್ ಇರುವ ಗ್ಯಾರೇಜುಗಳಲ್ಲೂ ಮೊದಲು ಅಳಿಸಿ, ದೀಪ ಆರಿತೆಂದು ಬಿಲ್ ಬರೆಯುವ ರೂಢಿ ಬೆಳೆದಿದೆ. ನನ್ನ ಕಾರಿನಲ್ಲಿ ಹಾಗೆ ಮಾಡಿದ್ದರೆ, ಸೀಟು ಮುಂದಿದ್ದಾಗ ಸಂಪರ್ಕ ತಾಗಿ ದೀಪ ಆರಿರಬಹುದಿತ್ತು, ನಾಲ್ಕು ದಿನ ಬಿಟ್ಟು ಯಾವುದೋ ಹಳ್ಳದಲ್ಲಿ ಮತ್ತೆ ಹತ್ತುತ್ತಿತ್ತು. ಆಗ ಹೊಸ ಬ್ಯಾಟರಿಯ ಮೇಲೂ ಅನುಮಾನ ಬರುತ್ತಿತ್ತು. ಓದಿದ ಕೋಡನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದನ್ನು ನಾನು ಕಲಿತದ್ದು ಅಂದಿನಿಂದ. ಇಗ್ನಿಷನ್ ಆನ್ ಮಾಡಿದಾಗ ಆ ದೀಪ ಐದಾರು ಸೆಕೆಂಡ್ ಹೊತ್ತಿ ಆರುವುದನ್ನು ಈಗ ದಿನಾ ನೋಡುತ್ತೇನೆ. ಹೊತ್ತದೇ ಇದ್ದರೂ ಸಂದೇಹ ಪಡಬೇಕು. ಸೆಕೆಂಡ್‌ಹ್ಯಾಂಡ್ ಕಾರುಗಳಲ್ಲಿ ದೀಪವನ್ನೇ ಕಿತ್ತು ಮಾರಿದ್ದನ್ನೂ ಆ ಎಲೆಕ್ಟ್ರಿಷಿಯನ್ ಕಂಡಿದ್ದಾರೆ.